ಮಿಕ್ಸಿ ಮೋಟಾರಿಗೆ 5 ವರ್ಷ ವಾರಂಟಿ ಇತ್ತು, ಆದರೂ 2,419 ರೂಪಾಯಿ ಕೊಟ್ಟೆ

ಈ 750 ವ್ಯಾಟ್ ಮಿಕ್ಸಿ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಮನೆಗೆ ಬಂದು ಹತ್ತಿರ ಹತ್ತಿರ 4 ವರ್ಷ. ಮೂರು ಜಾರಿನ ಸೆಟ್. ದಿನಾ ಬೆಳಗ್ಗೆ ಕಾಯಿ ಚಟ್ನಿ, ವಾರಕ್ಕೆ ಎರಡು ಸಲ ದೋಸೆ ಹಿಟ್ಟು, ತಿಂಗಳಿಗೊಮ್ಮೆ ಅತ್ತೆಯವರ ಶೇಂಗಾ ಚಟ್ನಿಪುಡಿ. ರುಬ್ಬೋದರಲ್ಲಿ ನನಗೆ ಯಾವ ದೂರೂ ಇಲ್ಲ. ಚಟ್ನಿ ನುಣ್ಣಗೆ ಬರುತ್ತದೆ, ಪುಡಿ ಸಮವಾಗಿ ಬರುತ್ತದೆ. ನಾನು ಬರೆಯಬೇಕಾಗಿರೋದು ಮೋಟಾರ್ ಸುಟ್ಟಾಗ ಏನಾಯಿತು ಅಂತ.

ತಂದು 2 ವರ್ಷ 7 ತಿಂಗಳಾಗಿತ್ತು. ಮಳೆಗಾಲದ ಒಂದು ಬೆಳಗ್ಗೆ ಹಿಟ್ಟು ರುಬ್ಬುವಾಗ ಸುಟ್ಟ ವಾಸನೆ ಬಂತು, ಮಿಕ್ಸಿ ನಿಂತಿತು. ಕೆಳಗಿನ ಕೆಂಪು ಬಟನ್ ಒತ್ತಿದೆ. ಎರಡು ಸೆಕೆಂಡ್ ತಿರುಗಿ ಮತ್ತೆ ಟ್ರಿಪ್ ಆಯಿತು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ‘ಮೋಟಾರಿಗೆ 5 ವರ್ಷ’ ಅಂತಲೇ ಇತ್ತು. ಧೈರ್ಯವಾಗಿ ಚೀಲಕ್ಕೆ ಹಾಕಿಕೊಂಡು, ಮಧ್ಯಾಹ್ನದ ಸ್ಲೋ ಲೋಕಲ್ ಟ್ರೈನ್ ಹಿಡಿದು ಠಾಣೆ ಊರಿನ ಸರ್ವಿಸ್ ಸೆಂಟರಿಗೆ ಕೊಟ್ಟು ಬಂದೆ.

ಮೂರನೇ ದಿನ ಮೊಬೈಲಿಗೆ ಒಂದು ಸಾಲಿನ ಮೆಸೇಜ್. ಬಳಕೆಯಿಂದ ಆದ ಹಾನಿ, ವಾರಂಟಿ ಅನ್ವಯಿಸುವುದಿಲ್ಲ, ರಿಪೇರಿ ಖರ್ಚು ಇಷ್ಟು, ಒಪ್ಪಿಗೆ ತಿಳಿಸಿ. ನನಗೆ ತುಂಬಾ ಸಿಟ್ಟು ಬಂತು. ಬಳಸದೆ ಸುಮ್ನೆ ಶೆಲ್ಫಿನಲ್ಲಿ ಇಡೋಕೆ ಯಾರಾದರೂ ಮಿಕ್ಸಿ ತರುತ್ತಾರಾ? ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬೇಕು ಅಂತಲೇ ಇದ್ದೆ. ಅದಕ್ಕೂ ಮೊದಲು ಒಂದು ಸಲ ಕಣ್ಣಾರೆ ನೋಡೋಣ ಅಂತ ಮತ್ತೆ ಠಾಣೆಯ ಸರ್ವಿಸ್ ಸೆಂಟರಿಗೆ ಹೋದೆ.

ನಾನು ಅತ್ತೆಯವರ ಜೊತೆ ಫೋನಿನಲ್ಲಿ ಮಾತಾಡೋದು ಕೇಳಿ ಟೆಕ್ನಿಷಿಯನ್ ಹುಡುಗ ಕನ್ನಡದಲ್ಲೇ ಶುರು ಮಾಡಿದ. ಸೊಲ್ಲಾಪುರದವನಂತೆ. "ಬರ್ರಿ ಅಕ್ಕಾರ, ಬಿಚ್ಚಿಟ್ಟೀನಿ, ನೀವೇ ನೋಡ್ರಿ" ಅಂದ.

ಅವನು ಮೊದಲು ತೋರಿಸಿದ್ದು ಮೋಟಾರ್ ಅಲ್ಲ, ಜಾರಿನ ತಳ. ಬ್ಲೇಡಿನ ಕಡ್ಡಿ ಜಾರಿನ ತಳದಲ್ಲಿ ಒಂದು ಲೋಹದ ಬುಷ್ ಮೂಲಕ ಕೆಳಗಿಳಿದಿರುತ್ತದೆ. ನೀರು ಇಳಿಯದ ಹಾಗೆ ಅಲ್ಲೊಂದು ಸಣ್ಣ ರಬ್ಬರ್ ವಾಷರ್ ಇರುತ್ತದೆ. ನನ್ನ ದೊಡ್ಡ ಜಾರಿನ ಬ್ಲೇಡನ್ನು ಬೆರಳಲ್ಲಿ ಅಲ್ಲಾಡಿಸಿದರೆ ಆ ಕಡೆ ಈ ಕಡೆ ಓಲಾಡುತ್ತಿತ್ತು. ಬುಷ್ ಸವೆದಿತ್ತು. ಜಾರಿಗೆ ಕಾಲು ಭಾಗ ನೀರು ಹಾಕಿ ಹಳೆ ಪೇಪರ್ ಮೇಲೆ ಇಟ್ಟ. ಹತ್ತು ನಿಮಿಷದಲ್ಲಿ ಪೇಪರ್ ಒದ್ದೆ.

ಆಮೇಲೆ ಮೋಟಾರ್. ಮೇಲೆ ಜಾರಿನ ಬ್ಲೇಡನ್ನು ತಿರುಗಿಸುವ ಕಪ್ಲರಿನ ಸುತ್ತ ಒಣಗಿದ ಹಿಟ್ಟು. ಅಲ್ಲಿಂದ ಶಾಫ್ಟಿನ ಗುಂಟ ಕೆಳಗೆ ಒಂದು ಕಂದು ಗೆರೆ. ಮೇಲಿನ ಬೇರಿಂಗ್ ತುಕ್ಕು ಹಿಡಿದಿತ್ತು. ಆರ್ಮೇಚರ್ ಅಂದರೆ ಮೋಟಾರಿನೊಳಗೆ ತಿರುಗುವ ತಂತಿ ಸುರುಳಿ. ಅದರ ಮೇಲ್ತುದಿಯ ತಂತಿಗಳ ಮೇಲೆ ಅಲ್ಲಲ್ಲಿ ಹಸಿರು ಕಿಲುಬು. ಅಷ್ಟು ಭಾಗ ಮಾತ್ರ ಕಪ್ಪಾಗಿತ್ತು, ಕೆಳಗಿನ ತಂತಿ ಹೊಸದರ ಹಾಗೇ ಹೊಳೆಯುತ್ತಿತ್ತು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಮೀಟರ್ ಹಚ್ಚಿ ತೋರಿಸಿದ, 0.3 ಮೆಗಾಓಮ್. ಪಕ್ಕದಲ್ಲಿದ್ದ ಒಳ್ಳೆಯ ಮೋಟಾರಿಗೆ ಹಚ್ಚಿದಾಗ ಅದೇ ಮೀಟರ್ 50 ದಾಟಿತು.

ನಾನು ಬಿಡಲಿಲ್ಲ. ಮೋಟಾರೇ ಕಳಪೆ ಇದ್ದು ಸುಟ್ಟಿದ್ದರೆ ಹೇಗೆ ಗೊತ್ತಾಗುತ್ತೆ ಅಂತ ಕೇಳಿದೆ. ಅವನು ಕೊಟ್ಟ ಉತ್ತರಕ್ಕೇ ಈ ವಿಮರ್ಶೆ ಬರೆಯುತ್ತಿದ್ದೇನೆ. ಲೋಡ್ ಜಾಸ್ತಿಯಾಗಿ ಸುಟ್ಟರೆ ಸುರುಳಿ ಪೂರ್ತಿ ಒಂದೇ ಸಮ ಕಂದಾಗುತ್ತದೆ. ತಯಾರಿಕೆಯ ದೋಷವಾದರೆ ಸಾಮಾನ್ಯವಾಗಿ ಒಂದೇ ಜಾಗ, ಉದಾಹರಣೆಗೆ ತಂತಿಯು ಸುರುಳಿಗೆ ಕರೆಂಟ್ ಕೊಡುವ ಕಮ್ಯುಟೇಟರಿಗೆ ಕೂಡುವ ಬೆಸುಗೆ ಬಿಟ್ಟಿರುತ್ತದೆ. ಸುತ್ತಮುತ್ತ ತುಕ್ಕು, ಕಲೆ ಏನೂ ಇರುವುದಿಲ್ಲ. ಅಂಥದ್ದಕ್ಕೆ ಪೈಸೆ ತಗೊಳ್ಳದೆ ಮೋಟಾರ್ ಬದಲಿಸುತ್ತಾರೆ. ನನ್ನದರಲ್ಲಿ ನೀರು ಇಳಿದ ದಾರಿ ಮೇಲಿಂದ ಕೆಳಗಿನ ತನಕ ಕಾಣುತ್ತಿತ್ತು. ಉಪ್ಪು, ಹುಳಿ ಇರುವ ನೀರು ತಂತಿಯ ವಾರ್ನಿಷ್ ತಿಂದಿತ್ತು. ತಂತಿ ತಂತಿ ಶಾರ್ಟ್ ಆಗಿ ಕರೆಂಟ್ ಜಾಸ್ತಿ ಎಳೆದಿದ್ದಕ್ಕೇ ಕೆಂಪು ಬಟನ್ ಪದೇ ಪದೇ ಟ್ರಿಪ್ ಆಗಿದ್ದು.

ಅವನು ಹೇಳುವಾಗಲೇ ನನಗೆ ನೆನಪಾಯಿತು. ಎಷ್ಟೋ ತಿಂಗಳಿಂದ ಜಾರ್ ಎತ್ತಿದಾಗ ಕೆಳಗೆ ಕಪ್ಪು ನೀರು ಇರುತ್ತಿತ್ತು. ನಾನು ಬಟ್ಟೆಯಲ್ಲಿ ಒರೆಸಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಅದೇ ಮೊದಲ ಸೂಚನೆ. ಸವೆದ ಬುಷ್ಷಿನ ಪುಡಿ ಸೇರಿ ನೀರು ಹಾಗೆ ಕಪ್ಪಾಗುತ್ತದಂತೆ.

ಇಲ್ಲಿ ಒಂದು ವಿಷಯ ನನಗೆ ಈಗಲೂ ಬೇಜಾರು. ಮೋಟಾರಿಗೆ 5 ವರ್ಷ, ಉಳಿದದ್ದಕ್ಕೆಲ್ಲ 2 ವರ್ಷ. ಬುಷ್, ವಾಷರ್ ಸವೆಯುವ ಭಾಗ ಅಂತ ಆ 2 ವರ್ಷದಿಂದಲೂ ಹೊರಗೆ. ಅಂದರೆ ಮೋಟಾರನ್ನು ಕಾಯುವ ವಾಷರಿಗೆ ವಾರಂಟಿ ಇಲ್ಲ, ಅದು ಸೋರಿದರೆ ಮೋಟಾರಿನ ವಾರಂಟಿಯೂ ಹೋಯಿತು. ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ದ್ರವ ಒಳಹೋಗಿ ಆದ ಹಾನಿ’ ಅಂತ ಒಂದು ಸಾಲು ಇದೆ, ನಿಜ. ಆದರೆ ಕಪ್ಪು ನೀರು ಕಂಡರೆ ಬುಷ್ ಬದಲಿಸಿ ಅಂತ ಬಳಕೆಯ ಪುಸ್ತಕದಲ್ಲಿ ಎಲ್ಲೂ ಇಲ್ಲ. ಅಷ್ಟು ಬರೆದಿದ್ದರೆ ನನ್ನ ಮೋಟಾರ್ ಉಳಿಯುತ್ತಿತ್ತು.

ಅವರು ಎರಡು ದಾರಿ ಕೊಟ್ಟರು. ಹಾಗೇ ವಾಪಸ್ ಬೇಕಾದರೆ ಜೋಡಿಸಿ ಕೊಡುತ್ತೇವೆ, ತಪಾಸಣೆಗೆ ದುಡ್ಡು ಬೇಡ. ರಿಪೇರಿ ಆದರೆ ಆರ್ಮೇಚರ್ 1,050, ಕಾರ್ಬನ್ ಬ್ರಷ್ ಜೋಡಿ 120, ಕಪ್ಲರ್ 60, ಎರಡು ಜಾರಿಗೆ ಬ್ಲೇಡ್ ಮತ್ತು ಬುಷ್ ಸೆಟ್ 520, ಕೂಲಿ 300. ಒಟ್ಟು 2,050, ಜಿಎಸ್‌ಟಿ 369 ಸೇರಿ 2,419. ಹೊಸ ಮಿಕ್ಸಿ 5,800 ಇತ್ತು. ಜಾರಿನ ಸೆಟ್ ಬಿಟ್ಟು ಮೋಟಾರ್ ಮಾತ್ರ ಮಾಡಿ, ಕಡಿಮೆ ಆಗುತ್ತೆ ಅಲ್ವಾ ಅಂತ ಕೇಳಿದೆ. "ಬ್ಯಾಡ್ರಿ ಅಕ್ಕಾರ, ಅದೇ ಜಾರ್ ಇಟ್ರ ಹೊಸ ಆರ್ಮೇಚರೂ ಹೋಗ್ತದ, ಆವಾಗ ನಾ ಏನೂ ಮಾಡಾಕ ಬರಂಗಿಲ್ಲ" ಅಂದ. ಒಪ್ಪಿದೆ. ಮೂರು ಸಂಗತಿ ಮಾತ್ರ ಕೇಳಿ ಪಡೆದೆ. ಜಾಬ್ ಶೀಟಿನಲ್ಲಿ ಕಂಡದ್ದೆಲ್ಲ ಬರೆದು ಸಹಿ, ಸುಟ್ಟ ಆರ್ಮೇಚರ್ ನನ್ನ ಕೈಗೆ, ಹೊಸ ಭಾಗಕ್ಕೆ 6 ತಿಂಗಳ ವಾರಂಟಿ ಬಿಲ್ಲಿನ ಮೇಲೆ. ಮೂರಕ್ಕೂ ಅವರು ತಕರಾರು ಮಾಡಲಿಲ್ಲ.

ಅದಾಗಿ 14 ತಿಂಗಳು. ಮೋಟಾರಿನ ಸದ್ದು ಮೊದಲಿನ ಹಾಗೇ ಇದೆ. ತಿಂಗಳಿಗೊಮ್ಮೆ ಜಾರುಗಳಿಗೆ ನೀರು ಹಾಕಿ ಪೇಪರ್ ಮೇಲೆ ಇಡುತ್ತೇನೆ. 11ನೇ ತಿಂಗಳಿಗೆ ದೊಡ್ಡ ಜಾರಿನ ಕೆಳಗೆ ರೂಪಾಯಿ ನಾಣ್ಯದಷ್ಟು ಒದ್ದೆ ಕಂಡಿತು. ಅದೇ ವಾರ ಠಾಣೆಗೆ ಒಯ್ದು 260 ಮತ್ತು ಜಿಎಸ್‌ಟಿ ಕೊಟ್ಟು ಸೆಟ್ ಬದಲಿಸಿದೆ. ಬರೀ ಜಾರ್ ಆದ್ದರಿಂದ ಚೀಲವೂ ಹಗುರ.

ಮಿಕ್ಸಿಗೆ 5ಕ್ಕೆ 3 ಅಂಕ, ಆ ವಾಷರಿನ ಕಾರಣಕ್ಕೆ. ಸರ್ವಿಸ್ ಸೆಂಟರಿಗೆ 4. ಆ ಹುಡುಗ ಮೇಜಿನ ಮೇಲೆ ತೋರಿಸಿದ್ದನ್ನೇ ಎರಡು ಫೋಟೋ ಜೊತೆ ಮೊದಲ ಮೆಸೇಜಿನಲ್ಲಿ ಕಳಿಸಿದ್ದರೆ ಪೂರ್ತಿ 5 ಕೊಡುತ್ತಿದ್ದೆ.