ಡೈರಿ ಸೆಕ್ರೆಟರಿಯೋ, ಆಶಾ ಕಾರ್ಯಕರ್ತೆಯೋ?

ಬೆಂಗಳೂರಿನಿಂದ ಮಾಗಡಿ ಕಡೆ ಹಳ್ಳಿ ಜನರ ಸಂದರ್ಶನಕ್ಕೆ ಹೊರಟವರು, ಮಾತಾಡುವ ಮನೆಗಳನ್ನು ಹುಡುಕಿಕೊಡಲು ಊರಲ್ಲಿ ಯಾರನ್ನು ಹಿಡಿಯಬೇಕು?

ಡೈರಿ ಸೆಕ್ರೆಟರಿಗೆ ಹಾಲು ಹಾಕುವವರೆಲ್ಲ ಎರಡು ಹೊತ್ತೂ ಸಿಗುತ್ತಾರೆ. ಒಂದೇ ಸಂಜೆಯಲ್ಲಿ ಹತ್ತು ಮನೆಗೆ ಹೇಳಿಬಿಡುತ್ತಾರೆ. ಆದರೆ ಹಸು ಇಲ್ಲದ ಕೂಲಿ ಮನೆಗಳು ಸುಮ್ನೆ ಬಿಟ್ಟುಹೋಗುತ್ತವೆ. ಸಿಕ್ಕವರೆಲ್ಲ ಹಾಲಿನ ರೇಟಿನ ಮಾತೇ ಆಡಿದರೆ ಅನುಮಾನಪಡಿ.

ಆಶಾ ಕಾರ್ಯಕರ್ತೆಗೆ ಮನೆ ಮನೆಯೂ ಗೊತ್ತು, ಹೆಂಗಸರೂ ಮಾತಿಗೆ ಸಿಗುತ್ತಾರೆ. ನನ್ನ ಆಯ್ಕೆ ಇವರೇ. ಲಸಿಕೆ ದಿನ ಮಾತ್ರ ಬಿಡುವಿರಲ್ಲ. ಆರೋಗ್ಯದ ಪ್ರಶ್ನೆ ಕೇಳುವಾಗ ಅವರು ಪಕ್ಕದಲ್ಲಿ ಕೂರಬಾರದು, ಉತ್ತರವೇ ಬದಲಾಗುತ್ತದೆ.

ಯಾರನ್ನೇ ಹಿಡಿದರೂ ರಾಗಿ ಕೊಯ್ಲಿನಲ್ಲಿ ಹಗಲು ಹೋಗಬೇಡಿ. ಸಂಜೆ ಹಾಲು ಹಾಕಿ ಬಂದ ಮೇಲೆ ಕೇಳಿ. "ಗೌರಿ ಹಬ್ಬಕ್ಕೆ ಮನೇಲೇ ಇರ್ತೀವಿ, ಬನ್ನಿ ಮೇಡಂ" ಅಂದರೆ ಊಟಕ್ಕೆ ಕರೆದದ್ದು, ಸಂದರ್ಶನಕ್ಕಲ್ಲ!