ಹನುಮಂತನಗರದ ಫ್ಯಾಮಿಲಿ ಕ್ಲಿನಿಕ್: ‘ನಮ್ಮ ಬಗ್ಗೆ’ ಪುಟದಲ್ಲಿ ಬರೆದಿದ್ದು ಎಷ್ಟು ನಿಜ?

ನಮ್ಮ ಮನೆ ಹತ್ತಿರ ಅಪ್ಪ, ಮಗ, ಸೊಸೆ ಸೇರಿ ನಡೆಸುವ ಕ್ಲಿನಿಕ್ ಒಂದಿದೆ. ಅಮ್ಮನ ಶುಗರ್ ಮತ್ತು ಬಿಪಿಗೆ ವರ್ಷಗಳಿಂದ ಅಲ್ಲಿಗೇ ಹೋಗುತ್ತಿದ್ದೇವೆ. ಮೊದಲ ಸಲ ಹೋಗುವ ಮುಂಚೆ ಅವರ ವೆಬ್‌ಸೈಟಿನ ‘ನಮ್ಮ ಬಗ್ಗೆ’ ಪುಟ ಓದಿದ್ದೆ. ಅಲ್ಲಿ ಬರೆದದ್ದನ್ನು ಇಷ್ಟು ಕಾಲ ಬಳಸಿ ನೋಡಿದ ಮೇಲೆ ಈ ವಿಮರ್ಶೆ.

ನನಗೆ ಮೊದಲು ಹಿಡಿಸಿದ್ದು ಡಾಕ್ಟರ ಪರಿಚಯ. ಮೂವರ ಹೆಸರಿನ ಮುಂದೆಯೂ ‘ಡಾ.’ ಇದೆ. ಆದರೆ ಮೂವರೂ ನೋಡುವ ಕಾಯಿಲೆ ಒಂದೇ ಅಲ್ಲ. ಹಿರಿಯರು ಎಂಬಿಬಿಎಸ್. ಜ್ವರ, ಕೆಮ್ಮು, ಮಕ್ಕಳ ಸಣ್ಣಪುಟ್ಟ ತೊಂದರೆ ನೋಡುತ್ತಾರೆ. ಮಗ ಜನರಲ್ ಮೆಡಿಸಿನ್‌ನಲ್ಲಿ ಎಂಡಿ, ಶುಗರ್ ಬಿಪಿ ಅವರದು. ಸೊಸೆ ಬಿಡಿಎಸ್, ಹಲ್ಲು ಮಾತ್ರ. ಇದನ್ನು ಪುಟದಲ್ಲಿ ಇಷ್ಟೇ ನೇರವಾಗಿ ಬರೆದಿದ್ದಾರೆ. ಎಷ್ಟೋ ಕಡೆ ಹೆಸರಿನ ಹಿಂದೆ ಅಕ್ಷರಗಳ ಸಾಲೇ ಇರುತ್ತದೆ. ಅದರಲ್ಲಿ ಡಿಗ್ರಿ ಯಾವುದು, ಯಾವುದೋ ಸಂಘದ ಸದಸ್ಯತ್ವ ಯಾವುದು ಅಂತ ನಮಗೆ ತಿಳಿಯುವುದೇ ಇಲ್ಲ.

ಪ್ರತಿ ಹೆಸರಿನ ಕೆಳಗೆ ನೋಂದಣಿ ಸಂಖ್ಯೆಯೂ ಇತ್ತು. ಅಪ್ಪ, ಮಗನದ್ದು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನದ್ದು, ಸೊಸೆಯದ್ದು ದಂತ ವೈದ್ಯರ ಕೌನ್ಸಿಲ್‌ನದ್ದು. ಅಮ್ಮನನ್ನು ನೋಡಬೇಕಾಗಿದ್ದ ಮಗನ ಸಂಖ್ಯೆಯನ್ನು ಮೆಡಿಕಲ್ ಕೌನ್ಸಿಲ್ ವೆಬ್‌ಸೈಟಿನಲ್ಲಿ ಹಾಕಿ ಹುಡುಕಿದೆ. ಹೆಸರು ಹೊಂದಿತು. ಎಂಬಿಬಿಎಸ್ ಜೊತೆ ಎಂಡಿಯೂ ಸೇರಿತ್ತು. ಸಂಖ್ಯೆ ಸರಿಯಿದ್ದರೆ ಸಾಲದು, ಮೇಲಿನ ಡಿಗ್ರಿಯೂ ಅಲ್ಲಿದೆಯಾ ಅಂತ ನೋಡಬೇಕು. ಆಮೇಲೆ ಕ್ಲಿನಿಕ್‌ನಲ್ಲಿ ಕೊಟ್ಟ ಚೀಟಿಯ ಮೇಲೂ ಅದೇ ಸಂಖ್ಯೆ ಇತ್ತು. ವೈದ್ಯರ ನಡತೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ಚೀಟಿಯಲ್ಲೂ ರಸೀದಿಯಲ್ಲೂ ಅದು ಇರಲೇಬೇಕು.

ಡಾಕ್ಟರ ನೋಂದಣಿ ಬೇರೆ, ಕ್ಲಿನಿಕ್ ನೋಂದಣಿ ಬೇರೆ. ಖಾಸಗಿ ಕ್ಲಿನಿಕ್‌ಗಳಿಗೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಣಿ ಬೇಕು. ಅದರ ಸಂಖ್ಯೆ ಪುಟದ ಕೊನೆಯಲ್ಲಿತ್ತು, ಪ್ರಮಾಣಪತ್ರ ಕೌಂಟರ್ ಹಿಂದಿನ ಗೋಡೆಯಲ್ಲಿತ್ತು. ವಿಳಾಸ ಒಂದೇ.

ಈ ಪುಟದಲ್ಲಿ ನಮಗೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ‘ಇಲ್ಲಿ ಏನು ಆಗುವುದಿಲ್ಲ’ ಅನ್ನುವ ಭಾಗ. ಅಡ್ಮಿಟ್ ಮಾಡಿಕೊಳ್ಳುವುದಿಲ್ಲ, ಎಕ್ಸ್‌ರೇ ಇಲ್ಲ. ಎದೆ ಹಿಂಡಿದಂತಾದರೆ, ಒಂದು ಪಕ್ಕದ ಕೈಕಾಲು ಬಲ ಹೋದರೆ, ಮಾತು ತೊದಲಿದರೆ ಇಲ್ಲಿಗೆ ಬಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ ನೇರ ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ದಪ್ಪ ಅಕ್ಷರದಲ್ಲಿದೆ. ಒಂದು ಸಂಜೆ ಅಮ್ಮನಿಗೆ ಎದೆ ಭಾರ, ಬೆವರು ಶುರುವಾಯಿತು. ‘ಮೊದಲು ನಮ್ಮ ಡಾಕ್ಟರಿಗೆ ತೋರಿಸೋಣ ಕಣೋ’ ಅಂದರು. ಆ ಸಾಲು ನೆನಪಿದ್ದುದರಿಂದ ನೇರ ಜಯದೇವ ಆಸ್ಪತ್ರೆಗೆ ಹೋದೆವು. ಹೃದಯದ ತೊಂದರೆಗೆ ಮೊದಲ ಗಂಟೆಗಳು ಎಷ್ಟು ಮುಖ್ಯ ಅಂತ ಅಲ್ಲಿ ಅರ್ಥವಾಯಿತು. ಬಂದ ರೋಗಿಯನ್ನು ಬೇರೆ ಕಡೆ ಕಳಿಸುತ್ತೇವೆ ಅಂತ ಮೊದಲೇ ಬರೆದಿಡುವ ಕ್ಲಿನಿಕ್ ಮೇಲೆ ನನಗೆ ಜಾಸ್ತಿ ನಂಬಿಕೆ.

ದುಡ್ಡಿನ ವಿಷಯವೂ ಹಾಗೇ. ಫೀಸು ಎಷ್ಟು, ಎಷ್ಟು ದಿನದೊಳಗೆ ಮತ್ತೆ ಬಂದರೆ ಫೀಸಿಲ್ಲ ಅಂತ ಇದೆ. ಬೆರಳು ಚುಚ್ಚಿ ನೋಡುವ ಶುಗರ್ ಪರೀಕ್ಷೆ ಅಲ್ಲೇ ಆಗುತ್ತದೆ. ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿಗೆ ರಕ್ತ ಹೊರಗಿನ ಲ್ಯಾಬ್‌ಗೆ ಹೋಗುತ್ತದೆ. ‘ಬೇರೆ ಲ್ಯಾಬ್‌ನಲ್ಲಿ ಮಾಡಿಸಿದ ರಿಪೋರ್ಟನ್ನೂ ನೋಡುತ್ತೇವೆ’ ಅಂತ ಬರೆದಿದ್ದಾರೆ. ನಾನು ಬೇರೆ ಕಡೆ ಮಾಡಿಸಿ ತಂದಾಗಲೂ ಮುಖ ಸಿಂಡರಿಸಲಿಲ್ಲ, ಮತ್ತೆ ಮಾಡಿಸಿ ಅನ್ನಲಿಲ್ಲ.

ಪುಟದಲ್ಲಿ ಹೊಗಳಿಕೆಯ ಪತ್ರಗಳಿಲ್ಲ, ‘ಶೇಕಡಾ ನೂರು ಗುಣ’ ಇಲ್ಲ. ವಾಸಿ ಮಾಡಿದ್ದನ್ನು ಹೇಳಿ ಜಂಬ ಕೊಚ್ಚಿಕೊಳ್ಳುವುದು ಅದೇ 2002ರ ನಿಯಮಗಳಿಗೆ ವಿರುದ್ಧ. ಹಾಗಾಗಿ ಅದು ಇಲ್ಲದಿರುವುದು ಕೊರತೆ ಅಂತ ನನಗೆ ಅನಿಸಲಿಲ್ಲ.

ಕೊರತೆ ಇರುವುದು ಸಮಯದ ಪಟ್ಟಿಯಲ್ಲಿ. ಹಿರಿಯ ಡಾಕ್ಟರು ಸಂಜೆ ಕೂರುವುದನ್ನು ನಿಲ್ಲಿಸಿ ತಿಂಗಳುಗಳಾದರೂ ಪುಟದಲ್ಲಿ ಅವರ ಸಂಜೆಯ ಸಮಯವೇ ಇತ್ತು. ಜ್ವರದ ಮಗುವನ್ನು ಎತ್ತಿಕೊಂಡು ಬಂದ ಒಬ್ಬ ತಾಯಿ ಬಾಗಿಲಿಂದ ವಾಪಸ್ ಹೋಗಿದ್ದನ್ನು ಕಂಡು ನನಗೆ ಬೇಸರವಾಯಿತು. ಕೌಂಟರ್‌ನಲ್ಲಿ ಹೇಳಿದೆ. ಈಗ ಸಮಯ ತಿದ್ದಿದ್ದಾರೆ, ಕೆಳಗೆ ತಿದ್ದಿದ ದಿನಾಂಕವನ್ನೂ ಹಾಕಿದ್ದಾರೆ. ಆದರೂ ಹೊಸದಾಗಿ ಹೋಗುವವರು ಹೊರಡುವ ಮುಂಚೆ ಒಂದು ಫೋನ್ ಮಾಡಿ, ನಿಮಗೆ ಬೇಕಾದ ಡಾಕ್ಟರ ಹೆಸರು ಹೇಳಿ ಕೇಳಿಕೊಳ್ಳಿ.