ಕಾಟನ್ ಶರ್ಟನ್ನ ರೇಷ್ಮೆ ಮಾಡೋ ಆ್ಯಪ್: 11 ತಿಂಗಳು ಬಳಸಿದ್ಮೇಲೆ

ಶಿಡ್ಲಘಟ್ಟದಲ್ಲಿ ಸ್ಟುಡಿಯೋ ಇಟ್ಕೊಂಡು ಫೋಟೋದಲ್ಲಿ ಸುಳ್ಳು ರೇಷ್ಮೆ ತೋರಿಸೋದು ಕಷ್ಟ ಸ್ವಾಮಿ, ಇಲ್ಲಿ ಬರೋ ಗಿರಾಕಿಗಳಲ್ಲಿ ಅರ್ಧ ಜನ ರೇಷ್ಮೆ ಗೂಡಿನ ಮಾರ್ಕೆಟ್ಟು, ನೂಲು ಬಿಚ್ಚೋ ಕೆಲಸ ಅಂತಾನೇ ಬೆಳೆದೋರು. ತಿಂಗಳಿಗೆ 400 ರೂಪಾಯಿ ಕಟ್ಟಿ ಈ ಆ್ಯಪ್ ತಗೊಂಡೆ, ಶರ್ಟ್ ಸುತ್ತ ಗೆರೆ ಎಳೆದು ಬಟ್ಟೆ ಆರಿಸಿದ್ರೆ ಬದಲಾಯಿಸಿ ಕೊಡುತ್ತೆ.

ಮೊನ್ನೆ ನಿಶ್ಚಿತಾರ್ಥದ ಫೋಟೋ ಒಂದು ಬಂತು. ಹುಡುಗಂದು ಕ್ರೀಮ್ ಕಾಟನ್ ಶರ್ಟು, "ಅಣ್ಣಾ, ಅವಳ ಸೀರೆಗೆ ಹೊಂದೋ ಹಾಗೆ ರೇಷ್ಮೆ ಮಾಡ್ಕೊಡಿ" ಅಂದ. ಆ್ಯಪ್ ಮಾಡಿಕೊಟ್ಟಿದ್ದು ನೋಡಿದ್ರೆ ಮೊಣಕೈ ಮೇಲೆ, ಹೊಟ್ಟೆ ಮೇಲೆ ದುಂಡಗೆ ಬಿಳಿ ಚುಕ್ಕೆ, ಥೇಟ್ ಪ್ಲಾಸ್ಟಿಕ್ ಕವರ್ ಸುತ್ತಿದಂಗೆ! ಅದ್ರ ಮೇಲೆ ಎಣಿಸೋಕಾಗೋಷ್ಟು ದಪ್ಪ ನೇಯ್ಗೆ ಬೇರೆ. ಅಳೆದು ನೋಡಿದೆ: ಎದೆ ಅಗಲ ಸುಮಾರು 20 ಇಂಚು, ಫೋಟೋದಲ್ಲಿ ಅದು 1500 ಪಿಕ್ಸೆಲ್, ಅಂದ್ರೆ ಇಂಚಿಗೆ 75. ಶರ್ಟಿನ ರೇಷ್ಮೆಯಲ್ಲಿ ಇಂಚಿಗೆ 100ಕ್ಕಿಂತ ಜಾಸ್ತಿ ಎಳೆ ಇರುತ್ತೆ, ಹಾಗಾಗಿ ಒಂದು ಎಳೆ ಒಂದು ಪಿಕ್ಸೆಲ್ಲಿಗಿಂತ ಸಣ್ಣದು, ಕಾಣಿಸ್ಲೇಬಾರದು. ಆ್ಯಪ್ ಒಂದೊಂದು ಎಳೆಗೆ 4 ಪಿಕ್ಸೆಲ್ ಬಿಡಿಸಿತ್ತು, ಅಳತೆಗೆ ತಂದ್ರೆ 1 ಮಿಲಿಮೀಟರ್‌ಗೂ ದಪ್ಪ. ಅದು ಗೋಣಿಚೀಲ ಆಗೋಯ್ತು.

ಆಗಿನಿಂದ ಅಮ್ಮ ಕೊಟ್ಟ ಒಂದು ಲಡಿ ರೇಷ್ಮೆ ನೂಲು ಟೇಬಲ್ ಮೇಲೇ ಇಟ್ಕೊಂಡಿದೀನಿ. ಬೆಳಿಗ್ಗೆ ಶಟರ್ ಎತ್ತಿ ಟೀ ಕುಡೀತಾ ಕಿಟಕಿ ಹತ್ರ ಅದನ್ನ ಹಿಂಗೊಂದ್ಸಲ ಹಂಗೊಂದ್ಸಲ ತಿರುಗಿಸಿ ನೋಡ್ತೀನಿ. ಗೂಡಿನ ಎಳೆ ನೂರಾರು ಮೀಟರ್ ಉದ್ದ, ನುಣುಪು, ಅದಕ್ಕೇ ಬೆಳಕು ಚದುರದೆ ಒಂದೇ ಕಡೆ ಹೊಳೆಯುತ್ತೆ, ಹತ್ತಿ ನಾರು ಚಿಕ್ಕದು, ಜುಂಗು ಜಾಸ್ತಿ, ಬೆಳಕೆಲ್ಲ ಹರಡೋಗುತ್ತೆ. ಹಾಗಾಗಿ ರೇಷ್ಮೆ ಶರ್ಟಲ್ಲಿ ಹೊಳಪು ದುಂಡಗಿರಲ್ಲ, ಮಡಿಕೆಯ ಏರಿನುದ್ದಕ್ಕೂ ಉದ್ದ ಪಟ್ಟಿ ಥರ ಓಡುತ್ತೆ, ಪಕ್ಕದಲ್ಲೇ ಬೇಗ ಕಪ್ಪಾಗುತ್ತೆ.

ಈಗ ಆ್ಯಪಲ್ಲಿ ಟೆಕ್ಸ್ಚರ್ ಸೊನ್ನೆಗೆ ಇಳಿಸ್ತೀನಿ, ಹೊಳಪು ಅರ್ಧಕ್ಕೆ, ಆಮೇಲೆ ಸಾಫ್ಟ್ ಲೈಟ್ ಲೇಯರ್ ಮೇಲೆ ಸಣ್ಣ ಬ್ರಷ್ಷಲ್ಲಿ ಏರುಗಳ ಮೇಲೆ ನಾನೇ ಗೆರೆ ಎಳೀತೀನಿ. ಬಿಳಿ ಬಣ್ಣ ಅಲ್ಲ, ತಿಳಿ ಕ್ರೀಮೇ. ಬೆಳಕು ಎಡಗಡೆ ಕಿಟಕಿಯಿಂದ ಬಂದಿದ್ರೆ ಎಡಕ್ಕೆ ತಿರುಗಿದ ಮಗ್ಗುಲಲ್ಲಿ ಮಾತ್ರ, ಮುಖದ ಮೇಲಿನ ಬೆಳಕು ನೋಡ್ಕೊಂಡೇ ಎಳೀಬೇಕು. 20 ನಿಮಿಷ ಹಿಡಿಯುತ್ತೆ, ಆದ್ರೆ ಹಿಂದೆ ಪೂರ್ತಿ ಕೈಯಲ್ಲೇ ಮಾಡುವಾಗ ಒಂದೂವರೆ ಗಂಟೆ ಆಗ್ತಿತ್ತು, ಹಂಗಾಗಿ ಬೈಕೊಂಡೇ ದುಡ್ಡು ಕಟ್ತಿದೀನಿ. ಒಂದು ಉಳ್ಕೊಂಡಿದೆ, ಕಾಲರ್ ಒಳಗಿನ ಮಗ್ಗುಲು ಮಾತ್ರ ಪ್ರತಿ ಸಲ ಕಾಟನ್ನಾಗೇ ಬಿಟ್ಬಿಡುತ್ತೆ.